ಹಾಡು ಮುಗಿಯಿತು, ಫೋಟೊ ಮುಗಿದಿರಲಿಲ್ಲ

(ನಮ್ಮ ಸಂಘದ ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



"ವಿಡಿಯೊಗೆ ಹಾಡು ಕೂಡಿಸುವುದು ಹೇಗೆ ಅಂತ ಒಂದು ಅರ್ಧ ಗಂಟೆ ಹೇಳಿ" ಎಂದು ಕಾರ್ಯದರ್ಶಿಯವರು ಕೇಳಿದಾಗ ನನಗೆ ನಗು ಬಂತು. ನಾನು ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವಳು. ಚಿಕ್ಕವಳಿದ್ದಾಗ ನಾಲ್ಕು ವರ್ಷ ಸಂಗೀತ ಕಲಿತಿದ್ದೆ, ಅಷ್ಟೇ. ನಿವೃತ್ತಿಯಾದ ಮೇಲೆ ಸಂಘದ ಕಾರ್ಯಕ್ರಮಗಳ ವಿಡಿಯೊ ಜೋಡಿಸುವ ಕೆಲಸ ಹೇಗೋ ನನ್ನ ಪಾಲಿಗೆ ಬಂತು. ಆದರೆ ಈ ಕೆಲಸದಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಕಂಪ್ಯೂಟರ್ ಜ್ಞಾನಕ್ಕಿಂತ ಹೆಚ್ಚಾಗಿ ಬ್ಯಾಂಕಿನ ಲೆಕ್ಕ ಮತ್ತು ಬಾಲ್ಯದಲ್ಲಿ ತೊಡೆ ತಟ್ಟಿ ಕಲಿತ ಆದಿತಾಳ. ಅದನ್ನೇ ಇವತ್ತು ಹೇಳುತ್ತೇನೆ.

ನಾನು ಮಾಡಿದ ಮೊದಲ ವಿಡಿಯೊ ರಾಜ್ಯೋತ್ಸವದ್ದು. ಚಿತ್ರ ಮುಗಿಯುವಾಗ ಹಾಡು ಇನ್ನೂ ಅರ್ಧದಲ್ಲಿತ್ತು. ಸಾಲಿನ ನಡುವೆಯೇ ಧ್ವನಿಯನ್ನು ಮೆಲ್ಲಗೆ ಇಳಿಸಿ ನಿಲ್ಲಿಸಿಬಿಟ್ಟೆ. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಹಿಂದಿರುಗಿ, "ಕರೆಂಟ್ ಹೋಯಿತೇನಮ್ಮಾ?" ಎಂದರು. ನಾನೂ ಎಲ್ಲರ ಜೊತೆ ನಕ್ಕೆ. ಅಲ್ಲಿಗೆ ಆ ಮಾತು ಮುಗಿಯಿತು.

ನಗಲಾಗದ ಸಂದರ್ಭ ಕಳೆದ ವರ್ಷ ಬಂತು. ನಮ್ಮ ವೀಣೆ ಅಕ್ಕ ತೀರಿಕೊಂಡು ಒಂದು ವರ್ಷವಾಗಿತ್ತು. ಇಲ್ಲಿ ಕೂತಿರುವ ಎಷ್ಟೋ ಜನರ ಮಕ್ಕಳಿಗೆ ಅವರು ಡೊಂಬಿವಲಿಯ ತಮ್ಮ ಎರಡು ಕೋಣೆಯ ಮನೆಯಲ್ಲಿ ಸರಳೆ ವರಸೆ ಹೇಳಿಕೊಟ್ಟವರು. ಅವರ ನೆನಪಿನ ಕಾರ್ಯಕ್ರಮಕ್ಕೆ ಮಗಳು 44 ಫೋಟೊ ಆರಿಸಿ ತಂದಳು. ಜೊತೆಗೆ ಒಂದು ಕ್ಯಾಸೆಟ್. ಮನೆಯಲ್ಲಿ ಯಾರೋ ಟೇಪ್ ರೆಕಾರ್ಡರ್ ಮುಂದಿಟ್ಟು ಹಿಡಿದದ್ದು. ಒಂದು ದೇವರನಾಮ, ವೀಣೆಯಲ್ಲಿ ಮಾತ್ರ, ಹಿಂದೆ ಶ್ರುತಿ ಪೆಟ್ಟಿಗೆ. "ಅಮ್ಮ ನುಡಿಸಿದ್ದು ನಮ್ಮ ಹತ್ತಿರ ಉಳಿದಿರುವುದು ಇದೊಂದೇ ಆಂಟಿ, ಇದನ್ನೇ ಹಾಕಿ" ಎಂದಳು.

ಒಂದು ಫೋಟೊಗೆ 5 ಸೆಕೆಂಡಿನಂತೆ 44 ಫೋಟೊಗೆ 220 ಸೆಕೆಂಡು, ಅಂದರೆ 3 ನಿಮಿಷ 40 ಸೆಕೆಂಡು. ಕ್ಯಾಸೆಟ್ಟಿನಲ್ಲಿದ್ದ ವೀಣೆ 2 ನಿಮಿಷ 38 ಸೆಕೆಂಡು, ಅಂದರೆ 158 ಸೆಕೆಂಡು. 62 ಸೆಕೆಂಡು ಕಡಿಮೆ. ಫೋಟೊ ಕಡಿಮೆ ಮಾಡೋಣವೆಂದರೆ ಹನ್ನೆರಡಾದರೂ ಬಿಡಬೇಕು. ಮಗಳು ಒಂದೊಂದನ್ನೂ ಕೈಯಲ್ಲಿ ಹಿಡಿದು ಕಥೆ ಹೇಳಿ ಕೊಟ್ಟಿದ್ದಳು. ಯಾವ ಹನ್ನೆರಡನ್ನು ಬಿಡಲಿ? ಬೇರೆ ಹಾಡು ಸೇರಿಸೋಣವೆಂದರೆ ಅಕ್ಕನ ವೀಣೆಯ ಪಕ್ಕ ಯಾರದ್ದೋ ಸಿನಿಮಾ ವೀಣೆಯನ್ನು ಇಡಲು ಮನಸ್ಸು ಬರಲಿಲ್ಲ. ಮತ್ತೆ ನುಡಿಸಿ ಎನ್ನಲು ಅಕ್ಕ ಇಲ್ಲ.

ಮೊದಲು ನಾನು ಮಾಡಿದ ಮೂರು ತಪ್ಪುಗಳನ್ನು ಹೇಳುತ್ತೇನೆ, ಏಕೆಂದರೆ ನೀವೂ ಅವನ್ನೇ ಮಾಡುತ್ತೀರಿ.

ಮೊದಲನೆಯದು, ಹಾಡು ಮುಗಿದ ಕೂಡಲೇ ಮತ್ತೆ ಮೊದಲಿಂದ ಹಾಕಿದೆ. ಅಕ್ಕ ಕೊನೆಯ ಸಾಲನ್ನು ನಿಧಾನ ಮಾಡಿ, ತಂತಿಗಳನ್ನೆಲ್ಲ ಒಮ್ಮೆ ಮೀಟಿ ನಿಲ್ಲಿಸಿದ್ದರು. ಅದಾದ ಮೇಲೆ ಮತ್ತೆ ಪಲ್ಲವಿ ಬಂದಾಗ, ಮಂಗಳ ಹಾಡಿ ಎದ್ದು ನಿಂತವರಿಗೆ ಮತ್ತೆ ಗಣಪತಿ ಸ್ತುತಿ ಕೇಳಿಸಿದ ಹಾಗಾಯಿತು.

ಎರಡನೆಯದು, ವೇಗ ಕಡಿಮೆ ಮಾಡಿ ಎಳೆದೆ. ಶ್ರುತಿ ಬದಲಾಗದೆ ಉದ್ದ ಮಾತ್ರ ಬದಲಾಯಿಸುವ ಸೌಲಭ್ಯ ಈಗ ಹಲವು ತಂತ್ರಾಂಶಗಳಲ್ಲಿ ಇದೆ. ನೂರಕ್ಕೆ ಎರಡು ಮೂರರಷ್ಟು ಎಳೆದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ನನಗೆ ಬೇಕಾಗಿದ್ದದ್ದು ನೂರಕ್ಕೆ ಮೂವತ್ತೊಂಬತ್ತರಷ್ಟು. ವೀಣೆಯ ಮೀಟು ಚೂಪಾಗಿ ಹುಟ್ಟಿ ಮೆಲ್ಲಗೆ ಕರಗುವ ಶಬ್ದ. ಅಷ್ಟು ಎಳೆದಾಗ ಆ ಚೂಪು ಹೋಗಿ, ನೀರಿನೊಳಗೆ ನುಡಿಸಿದಂತೆ ಕದಡಿತು. ಅದು ಅಕ್ಕನ ಕೈ ಅಲ್ಲ.

ಮೂರನೆಯದು, ಕೊನೆಯ ನಿಧಾನದ ಭಾಗವನ್ನು ತೆಗೆದು, ಕೊನೆಯ ಪಲ್ಲವಿಯಿಂದ ನೇರವಾಗಿ ಮೊದಲ ಪಲ್ಲವಿಗೆ ಜೋಡಿಸಿದೆ. ತಾಳ ಸರಿಯಾಗಿತ್ತು, ಸ್ವರ ಸರಿಯಾಗಿತ್ತು, ಆದರೂ ಏನೋ ಎಡವಿದಂತಿತ್ತು. ಅಳೆದು ನೋಡಿದಾಗ ಕಾರಣ ತಿಳಿಯಿತು. ಶುರುವಿನಲ್ಲಿ ಅಕ್ಕನ ಒಂದು ಆವರ್ತ ಸುಮಾರು 6.6 ಸೆಕೆಂಡಿನದು, ಕೊನೆಗೆ ಬರುವಾಗ 6.1 ಸೆಕೆಂಡು. ಮನುಷ್ಯರು ನುಡಿಸಿದ್ದು ಹೀಗೆಯೇ ಇರುತ್ತದೆ, ಉತ್ಸಾಹ ಏರಿದಂತೆ ಕಾಲ ಸ್ವಲ್ಪ ಓಡುತ್ತದೆ. ಅಷ್ಟು ಮೆಲ್ಲಗೆ ಓಡಿದ್ದು ಯಾರ ಕಿವಿಗೂ ಬೀಳುವುದಿಲ್ಲ. ಆದರೆ 6.1ರಿಂದ ಒಮ್ಮೆಲೇ 6.6ಕ್ಕೆ ಹಾರಿದಾಗ ಲೋಕಲ್ ಟ್ರೈನು ಸ್ಟೇಷನ್ನಿಗೆ ಬರುವಾಗ ಬ್ರೇಕ್ ಹಾಕಿದಂತೆ ಮೈ ಮುಂದಕ್ಕೆ ವಾಲುತ್ತದೆ.

ಈ ಮೂರನೆಯ ತಪ್ಪಿನಿಂದ ನನಗೆ ದಾರಿ ಸಿಕ್ಕಿತು. ದೂರದಿಂದ ದೂರಕ್ಕೆ ಹಾರಬಾರದು. ಹಿಗ್ಗಿಸುವುದಿದ್ದರೆ ಹಾಡಿನ ಒಳಗೇ, ಅಲ್ಲಲ್ಲೇ, ಪಕ್ಕದಿಂದ ಪಕ್ಕಕ್ಕೆ ಹಿಗ್ಗಿಸಬೇಕು. ಮತ್ತು ಅಳತೆ ಸೆಕೆಂಡಿನದಲ್ಲ, ಆವರ್ತದ್ದು. ಸೀರೆಯನ್ನು ಇಂಚು ಪಟ್ಟಿ ಹಿಡಿದು ಎಲ್ಲೆಂದರಲ್ಲಿ ಕತ್ತರಿಸುತ್ತೇವೆಯೇ? ಡಿಸೈನು ಎಲ್ಲಿ ಮುಗಿದು ಮತ್ತೆ ಶುರುವಾಗುತ್ತದೆ ಎಂದು ನೋಡುತ್ತೇವೆ. ಇಲ್ಲಿ ಡಿಸೈನು ಎಂದರೆ ತಾಳ.

ನಾನು ಬಳಸುವುದು ಆಡಾಸಿಟಿ ಎಂಬ ಉಚಿತ ತಂತ್ರಾಂಶ. ಕ್ಯಾಸೆಟ್ಟಿನ ಹಾಡನ್ನು ಕಂಪ್ಯೂಟರಿಗೆ ಇಳಿಸಿ, ಮೂಲ ಪ್ರತಿಯನ್ನು ಬೇರೆ ಕಡೆ ಮುಟ್ಟದಂತೆ ಇಟ್ಟೆ. ಆಮೇಲೆ ಹಾಡನ್ನು ಬಿಟ್ಟು, ತೊಡೆ ಮೇಲೆ ತಾಳ ಹಾಕುತ್ತಾ, ಪ್ರತಿ ಸಲ ಸಮ ಬಂದಾಗ `Ctrl+M` ಒತ್ತಿದೆ. ಹಾಗೆ ಒತ್ತಿದಲ್ಲೆಲ್ಲ ಕೆಳಗೆ ಒಂದು ಗುರುತು ಚೀಟಿ ಬೀಳುತ್ತದೆ, ಅದರಲ್ಲಿ ಏನು ಬೇಕಾದರೂ ಬರೆದುಕೊಳ್ಳಬಹುದು. ನಮ್ಮ ಬೆರಳು ಯಾವಾಗಲೂ ಸ್ವಲ್ಪ ತಡ. ಆದ್ದರಿಂದ ಆಮೇಲೆ ಚಿತ್ರವನ್ನು ದೊಡ್ಡದು ಮಾಡಿ ನೋಡಿ, ಪ್ರತಿ ಚೀಟಿಯನ್ನೂ ಮೀಟು ಹುಟ್ಟುವ ಜಾಗಕ್ಕೆ ಸರಿಸಿದೆ. ವೀಣೆಯಲ್ಲಿ ಇದು ಸುಲಭ. ಕಿರುಬೆರಳಿನಿಂದ ತಾಳದ ತಂತಿ ಮೀಟಿದ ಕಡೆಯೆಲ್ಲ ಅಲೆ ಥಟ್ಟನೆ ಗುಡ್ಡದಂತೆ ಎದ್ದಿರುತ್ತದೆ.

ಹೀಗೆ ಗುರುತು ಹಾಕಿದ ಮೇಲೆ ಹಾಡಿನ ನಕ್ಷೆ ಸಿಕ್ಕಿತು. ಮೊದಲ 10 ಸೆಕೆಂಡು ಬರೀ ಶ್ರುತಿ ಮತ್ತು ತಾಳವಿಲ್ಲದ ಎರಡು ಮೂರು ಮೀಟು. ಆಮೇಲೆ ಪಲ್ಲವಿ 8 ಆವರ್ತ, ಅನುಪಲ್ಲವಿ 6, ಮತ್ತೆ ಪಲ್ಲವಿ 2, ಚರಣ 4, ಕೊನೆಯ ಪಲ್ಲವಿ 2. ಕಡೆಯಲ್ಲಿ ನಿಧಾನವಾಗಿ ಮುಗಿಸಿ ನಾದ ಕರಗುವುದಕ್ಕೆ 7 ಸೆಕೆಂಡು. ಒಟ್ಟು 22 ಆವರ್ತ.

ಈಗ ಬ್ಯಾಂಕಿನ ಲೆಕ್ಕ. ಬೇಕಾದದ್ದು 62 ಸೆಕೆಂಡು. ಒಂದು ಆವರ್ತ ಸರಾಸರಿ 6.4 ಸೆಕೆಂಡು. 62ನ್ನು 6.4ರಿಂದ ಭಾಗಿಸಿದರೆ ಸುಮಾರು 9.7. ಆದರೆ 9.7 ಆವರ್ತ ಎಂಬುದು ಇಲ್ಲ. ಒಂಬತ್ತೂ ಆಗುವುದಿಲ್ಲ, ಏಕೆಂದರೆ ಈ ದೇವರನಾಮದಲ್ಲಿ ಒಂದು ಸಾಲಿಗೆ ಎರಡು ಆವರ್ತ. ಒಂದೇ ಆವರ್ತ ಸೇರಿಸಿದರೆ ವಾಕ್ಯವನ್ನು ಅರ್ಧ ಹೇಳಿ ಮತ್ತೆ ಶುರು ಮಾಡಿದಂತೆ. ಹಾಗಾಗಿ ಹತ್ತು. ಅಂದರೆ ಐದು ಸಾಲು ಹೆಚ್ಚಿಗೆ ಬೇಕು.

ಯಾವ ಐದು ಸಾಲು? ಒಂದೇ ಸಾಲನ್ನು ಐದು ಸಲ ತಿರುಗಿಸಿದರೆ ಗ್ರಾಮಫೋನ್ ಮುಳ್ಳು ಸಿಕ್ಕಿಕೊಂಡಂತಾಗುತ್ತದೆ. ಇಲ್ಲಿ ನಮ್ಮ ಸಂಗೀತವೇ ಕೈ ಹಿಡಿಯಿತು. ನಮ್ಮಲ್ಲಿ ಒಂದು ಸಾಲನ್ನು ಎರಡು ಸಲ ಹಾಡುವುದು ರೂಢಿ. ಯಾರೂ ಅದನ್ನು ಪುನರಾವರ್ತನೆ ಎಂದು ಭಾವಿಸುವುದಿಲ್ಲ, ಬದಲಿಗೆ ನಿರೀಕ್ಷಿಸುತ್ತಾರೆ. ಅಕ್ಕ ಟೇಪಿನ ಅವಸರಕ್ಕೋ ಏನೋ ಹಲವು ಸಾಲುಗಳನ್ನು ಒಂದೇ ಸಲ ನುಡಿಸಿದ್ದರು. ಪಲ್ಲವಿಯಲ್ಲಿ ಮೊದಲ ಸಾಲು ಎರಡು ಸಲ, ಅದರ ಎರಡು ಸಂಗತಿಗಳು ಒಂದೊಂದು ಸಲ. ಅನುಪಲ್ಲವಿಯ ಮೂರು ಸಾಲೂ ಒಂದೊಂದೇ ಸಲ. ಕೊನೆಯ ಪಲ್ಲವಿಯೂ ಒಂದೇ ಸಲ. ಒಂದೇ ಸಲ ಬಂದಿದ್ದನ್ನು ಎರಡು ಸಲ ಮಾಡಿದರೆ ಅಕ್ಕನೇ ಹಾಗೆ ನುಡಿಸಿದಂತಿರುತ್ತದೆ. ಪ್ರತಿ ಸಾಲನ್ನೂ ಅದರ ಬೆನ್ನಿಗೇ ತಿರುಗಿಸುವುದರಿಂದ ಕಾಲದ ಓಟವೂ ಎಲ್ಲೂ ಹಿಂದಕ್ಕೆ ಜಿಗಿಯುವುದಿಲ್ಲ. ಸಂಗತಿಗಳ ಕ್ರಮವೂ ಕೆಡುವುದಿಲ್ಲ. ಸರಳ ಸಂಗತಿಯಾದ ಮೇಲೆ ಬೆಡಗಿನ ಸಂಗತಿ ಬರಬೇಕೇ ಹೊರತು, ಬೆಡಗಿನದಾದ ಮೇಲೆ ಸರಳದ್ದು ಬಂದರೆ ಕೇಳುವವರಿಗೆ ತಿಳಿಯದೆಯೂ ಅಸಮಾಧಾನವಾಗುತ್ತದೆ.

ಹಾಗಾಗಿ ಪಲ್ಲವಿಯ ಎರಡು ಸಂಗತಿ, ಅನುಪಲ್ಲವಿಯ ಎರಡು ಸಾಲು, ಕೊನೆಯ ಪಲ್ಲವಿಯ ಒಂದು. ಒಟ್ಟು ಐದು ಸಾಲು, 10 ಆವರ್ತ. ಆಯಾ ಜಾಗದ ನಿಜವಾದ ಅಳತೆಯಲ್ಲಿ ಕೂಡಿಸಿದರೆ 64 ಸೆಕೆಂಡು ಬಂತು. ಒಟ್ಟು 222 ಸೆಕೆಂಡು. ಎರಡು ಸೆಕೆಂಡು ಹೆಚ್ಚಾಯಿತು. ಅದನ್ನು ಏನು ಮಾಡಿದೆ ಎಂದು ಕೊನೆಗೆ ಹೇಳುತ್ತೇನೆ. ಮೊದಲು ಕತ್ತರಿ ಹಾಕುವ ವಿಷಯ.

ಸಮದ ಗುರುತಿನಲ್ಲೇ ಕತ್ತರಿಸಬೇಕು ಎಂದು ಯಾರಿಗಾದರೂ ಅನಿಸುತ್ತದೆ. ನಾನೂ ಹಾಗೆಯೇ ಮಾಡಿದೆ. ಪಲ್ಲವಿಯಲ್ಲಿ ಸರಿಹೋಯಿತು, ಏಕೆಂದರೆ ಅಲ್ಲಿ ಎತ್ತುಗಡೆ ಸಮ ದಾಟಿದ ಮೇಲೆ, ಅರ್ಧ ಎಣಿಕೆ ಬಿಟ್ಟು. ಅನುಪಲ್ಲವಿಯಲ್ಲಿ ಮಾತ್ರ ಸಾಲಿನ ಮೊದಲ ಅಕ್ಷರ ನುಂಗಿದಂತೆ ಕೇಳಿಸಿತು. ನೋಡಿದರೆ ಅಲ್ಲಿ ಅಕ್ಕ ಸಮಕ್ಕಿಂತ ಅರ್ಧ ಎಣಿಕೆ ಮುಂಚೆಯೇ ಮೊದಲ ಸ್ವರ ಮೀಟಿದ್ದರು. ಸಮದಲ್ಲಿ ಕತ್ತರಿಸಿದಾಗ ಆ ಸ್ವರ ಹಿಂದಿನ ತುಂಡಿಗೆ ಹೋಯಿತು. ಆದ್ದರಿಂದ ಈ ಮಾತು ನೆನಪಿಡಿ: ಎಣಿಸುವುದು ಸಮದಿಂದ, ಕತ್ತರಿಸುವುದು ಎತ್ತುಗಡೆಗೆ ಮುಂಚೆ. ಎಷ್ಟು ಮುಂಚೆ ಎಂಬುದು ಎರಡೂ ತುದಿಯಲ್ಲಿ ಒಂದೇ ಆಗಿರಬೇಕು. ಸಾಲಿನ ಶುರುವಿನಲ್ಲಿ ಸಮಕ್ಕಿಂತ ಅರ್ಧ ಸೆಕೆಂಡು ಹಿಂದೆ ಕತ್ತರಿಸಿದರೆ, ಸಾಲಿನ ಕೊನೆಯಲ್ಲೂ ಮುಂದಿನ ಸಮಕ್ಕಿಂತ ಅರ್ಧ ಸೆಕೆಂಡು ಹಿಂದೆಯೇ ಕತ್ತರಿಸಬೇಕು. ಆಗ ನಡುವಿನ ಎರಡು ಆವರ್ತ ಎರಡು ಆವರ್ತವಾಗಿಯೇ ಉಳಿಯುತ್ತದೆ.

ಇನ್ನು ಬೆಸುಗೆ. ಎರಡು ತುಂಡುಗಳನ್ನು ಹಾಗೆಯೇ ಒತ್ತಿ ಇಟ್ಟರೆ "ಟಕ್" ಎಂದು ಸಣ್ಣ ಶಬ್ದ ಬರುತ್ತದೆ. ಧ್ವನಿ ಎಂದರೆ ಮೇಲೆ ಕೆಳಗೆ ತೂಗುವ ಅಲೆ. ಒಂದು ತುಂಡು ಅಲೆಯ ಮೇಲ್ತುದಿಯಲ್ಲಿ ಮುಗಿದು ಇನ್ನೊಂದು ಕೆಳತುದಿಯಲ್ಲಿ ಶುರುವಾದರೆ ಸ್ಪೀಕರ್ ಒಮ್ಮೆಲೇ ಜಿಗಿಯಬೇಕಾಗುತ್ತದೆ, ಆ ಜಿಗಿತವೇ ಟಕ್. ಆಡಾಸಿಟಿಯಲ್ಲಿ `Z` ಒತ್ತಿದರೆ ನೀವು ಆರಿಸಿದ ಭಾಗದ ತುದಿಗಳು ಹತ್ತಿರದಲ್ಲಿ ಅಲೆ ಸೊನ್ನೆ ದಾಟುವ ಜಾಗಕ್ಕೆ ಸರಿಯುತ್ತವೆ. ತಬಲಾ ಏಟಿನಂಥ ಬಿಡಿ ಬಿಡಿ ಶಬ್ದಕ್ಕೆ ಅಷ್ಟು ಸಾಕಾಗಬಹುದು. ಆದರೆ ನಮ್ಮದರಲ್ಲಿ ಹಿಂದೆ ಶ್ರುತಿ ಪೆಟ್ಟಿಗೆ ಬಿಡದೆ ಮೊರೆಯುತ್ತಿತ್ತು. ಅದಕ್ಕೆ ಕ್ರಾಸ್‌ಫೇಡ್ ಬೇಕು. ಅಂದರೆ ಮೊದಲ ತುಂಡು ಇಳಿಯುತ್ತಾ ಇರುವಾಗಲೇ ಎರಡನೆಯದು ಏರುವುದು.

ಇದರಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. ಒಂದರ ಮೇಲೊಂದು ಬರುವಂತೆ ತುಂಡುಗಳನ್ನು ಸರಿಸಿದಾಗ, ಮೇಲೆ ಬಂದಷ್ಟು ಉದ್ದ ತಾಳದಲ್ಲಿ ಕಳೆದುಹೋಗುತ್ತದೆ. ಅದನ್ನು ತಪ್ಪಿಸಲು ನಾನು ಎರಡನೆಯ ತುಂಡನ್ನು ಮೀಟಿಗಿಂತ 30 ಮಿಲಿಸೆಕೆಂಡು ಹಿಂದಿನಿಂದ ತೆಗೆದುಕೊಂಡೆ. ಮೊದಲ ತುಂಡನ್ನು ಮುಂದಿನ ಮೀಟು ಹುಟ್ಟುವ ಅಂಚಿನವರೆಗೆ ಇಟ್ಟುಕೊಂಡೆ. ಎರಡನ್ನೂ ಬೇರೆ ಬೇರೆ ಪಟ್ಟಿಯಲ್ಲಿ ಮೇಲೆ ಕೆಳಗೆ ಇಟ್ಟು, ಆ 30 ಮಿಲಿಸೆಕೆಂಡು ಮಾತ್ರ ಒಂದರ ಮೇಲೊಂದು ಬರುವಂತೆ ಹೊಂದಿಸಿ, ಅಷ್ಟೇ ಭಾಗವನ್ನು ಎರಡೂ ಪಟ್ಟಿಯಲ್ಲಿ ಆರಿಸಿ `Crossfade Tracks` ಕೊಟ್ಟೆ. ಬೆಸುಗೆ ಮೀಟಿಗೆ ಮುಂಚೆಯೇ ಮುಗಿಯುತ್ತದೆ, ತಕ್ಷಣ ಹೊಸ ಮೀಟು ಬರುತ್ತದೆ. ಕಿವಿ ಮೀಟಿನ ಕಡೆ ತಿರುಗಿರುತ್ತದೆ, ಹಿಂದಿನ ಹೊಲಿಗೆ ಅದರ ಮರೆಯಲ್ಲಿ ಅಡಗುತ್ತದೆ. ಅದೇ ಕಿಟಕಿಯಲ್ಲಿ ಇಳಿಯುವ ಏರುವ ರೀತಿಯನ್ನು ಆರಿಸಬಹುದು. ಬೆಸುಗೆಯ ನಡುವೆ ಶ್ರುತಿ ಒಂದು ಕ್ಷಣ ಕುಗ್ಗಿದಂತೆ ಕೇಳಿಸಿದರೆ `Constant Gain` ಬಿಟ್ಟು `Constant Power` ತೆಗೆದುಕೊಳ್ಳಿ.

ಪಲ್ಲವಿಯ ಎರಡೂ ಬೆಸುಗೆ ಒಂದೇ ಪ್ರಯತ್ನಕ್ಕೆ ಕೂತವು. ಅನುಪಲ್ಲವಿಯ ಮೊದಲ ಸಾಲು ಮಾತ್ರ ಅರ್ಧ ದಿನ ತಿಂದಿತು. ತಾಳ ಸರಿ, ಟಕ್ ಇಲ್ಲ, ಆದರೂ ಬೆಸುಗೆಯಲ್ಲಿ ಯಾರೋ ತಂತಿಯ ಮೇಲೆ ಕೈ ಇಟ್ಟು ಮುಚ್ಚಿದಂತೆ ಆಗುತ್ತಿತ್ತು. ಕಾರಣ ಹೊಳೆಯಲು ತುಂಬಾ ಸಲ ಕೇಳಬೇಕಾಯಿತು. ನಾವು ಕತ್ತರಿ ಹಾಕುವಾಗ ಮುಂದೆ ಬರುವ ಸ್ವರವನ್ನು ನೋಡುತ್ತೇವೆ. ಹಿಂದೆ ಉಳಿದ ನಾದವನ್ನು ಮರೆಯುತ್ತೇವೆ. ವೀಣೆಯ ತಂತಿ ಮೀಟಿದ ಮೇಲೂ ಮಿಡಿಯುತ್ತಲೇ ಇರುತ್ತದೆ, ಹಿಂದಿನ ಸ್ವರದ ನಾದ ಮುಂದಿನ ಸ್ವರದ ಅಡಿಯಲ್ಲಿ ಹರಿಯುತ್ತಿರುತ್ತದೆ. ಪಲ್ಲವಿಯ ಎಲ್ಲ ಸಾಲುಗಳೂ ಷಡ್ಜದಲ್ಲೇ ಮುಗಿಯುತ್ತಿದ್ದವು. ಹಾಗಾಗಿ ಸಾಲಿನ ಶುರುವಿಗೆ ಮುಂಚೆಯೂ ಷಡ್ಜದ ನಾದ, ಕೊನೆಯಲ್ಲೂ ಷಡ್ಜದ ನಾದ, ಬೆಸೆದಾಗ ವ್ಯತ್ಯಾಸವೇ ಇಲ್ಲ. ಅನುಪಲ್ಲವಿಯ ಮೊದಲ ಸಾಲು ಪಂಚಮದಲ್ಲಿ ಮುಗಿಯುತ್ತಿತ್ತು. ಅದರ ಶುರುವಿಗೆ ಮುಂಚೆ ಇದ್ದದ್ದು ಪಲ್ಲವಿಯ ಷಡ್ಜ. ತಿರುಗಿಸಿ ಜೋಡಿಸಿದಾಗ ಮಿಡಿಯುತ್ತಿದ್ದ ಪಂಚಮ ಥಟ್ಟನೆ ಮಾಯವಾಗುತ್ತಿತ್ತು.

ಆದ್ದರಿಂದ ಕತ್ತರಿ ಹಾಕುವ ಜಾಗ ಹುಡುಕುವಾಗ ಮೊದಲು ನೋಡಬೇಕಾದದ್ದು ಇದು: ಬಿಟ್ಟು ಹೋಗುವ ಜಾಗದ ಹಿಂದೆಯೂ ಬಂದು ಸೇರುವ ಜಾಗದ ಹಿಂದೆಯೂ ಒಂದೇ ನಾದ ಇದೆಯೇ? ಇದ್ದರೆ ಅದು ಒಳ್ಳೆಯ ಜಾಗ. ಇಲ್ಲದಿದ್ದರೆ ಬೇರೆ ಜಾಗ ಹುಡುಕಿ. ಬೇರೆ ಇಲ್ಲವೇ ಇಲ್ಲ ಎಂದಾದರೆ ನಾದದ ಬಾಲವನ್ನು ಹೊಲಿಯಬಹುದು. ನಾನು ಕೊನೆಗೆ ಮಾಡಿದ್ದು ಅದನ್ನೇ. ಬೆಸುಗೆಗೆ ಮುಂಚಿನ ಆ ಪಂಚಮದ ಒಂದು ತುಣುಕನ್ನು ಬೇರೆ ಪಟ್ಟಿಗೆ ನಕಲು ಮಾಡಿ, ಅದರ ಮುಂದೆ ಎರಡು ಸೆಕೆಂಡು ಮೌನ ಸೇರಿಸಿ, ಎರಡಕ್ಕೂ `Reverb` ಹಾಕಿದೆ. ಅದರಲ್ಲಿ `Wet Only` ಎಂಬ ಚೌಕಕ್ಕೆ ಗುರುತು ಹಾಕಿದರೆ ಮೂಲ ಮೀಟು ಹೋಗಿ ಅದರ ಗುಂಗು ಮಾತ್ರ ಉಳಿಯುತ್ತದೆ. ಆ ಗುಂಗನ್ನು ಬಹಳ ಸಣ್ಣ ಧ್ವನಿಯಲ್ಲಿ ಬೆಸುಗೆಯ ಅಡಿಗೆ ಇಟ್ಟೆ. ಅದು ಇದೆ ಎಂದು ಕೇಳಿಸಬಾರದು, ತೆಗೆದರೆ ಮಾತ್ರ ಇಲ್ಲ ಎಂದು ಗೊತ್ತಾಗಬೇಕು. ಒಗ್ಗರಣೆಯ ಇಂಗಿನ ಹಾಗೆ.

ಅನುಪಲ್ಲವಿಯ ಇನ್ನೊಂದು ಸಾಲಾಗಿ ನಾನು ಮೊದಲು ಆರಿಸಿದ್ದು ಎರಡನೆಯ ಸಾಲನ್ನು. ಬೆಸುಗೆ ಬಹಳ ಚೆನ್ನಾಗಿ ಕೂತಿತು. ಹೆಮ್ಮೆಯಿಂದ ಮಗಳಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೊತ್ತಾಗಲಿಲ್ಲ. "ಆಂಟಿ, ಅಮ್ಮನ ಕುಕ್ಕರು ಎರಡು ಸಲ ಕೂಗುತ್ತಿದೆ!"

ಅಷ್ಟು ದಿನ ಆ ಟೇಪು ಕೇಳಿದ್ದೆ. ನನಗೆ ಕೇಳಿಸಿದ್ದು ವೀಣೆ ಮಾತ್ರ. ಎರಡನೆಯ ಸಾಲಿನ ನಡುವೆ ಅಡುಗೆಮನೆಯಿಂದ ಪ್ರೆಷರ್ ಕುಕ್ಕರಿನ ಸೀಟಿ ಇತ್ತು. ಒಮ್ಮೆ ಕೂಗಿದರೆ ಅದು ಮನೆ. 13 ಸೆಕೆಂಡಿನ ಬಳಿಕ ಅದೇ ಸೀಟಿ ಅದೇ ಸ್ವರದ ಮೇಲೆ ಮತ್ತೆ ಕೂಗಿದರೆ ಯಾರಿಗಾದರೂ ತಿಳಿಯುತ್ತದೆ, ಇದು ಜೋಡಿಸಿದ್ದು ಎಂದು. ತಿರುಗಿಸುವ ಭಾಗದಲ್ಲಿ ಕೆಮ್ಮು, ಬಾಗಿಲ ಸದ್ದು, ಟ್ರೈನಿನ ಹಾರ್ನ್, ಒಂದು ತಪ್ಪಿದ ಸ್ವರ, ಇಂಥ ಗುರುತುಗಳು ಇರಬಾರದು. ಸಂಗೀತವನ್ನು ಬಿಟ್ಟು ಬರೀ ಹಿನ್ನೆಲೆಯನ್ನು ಕೇಳಲು ಒಂದು ಸಲ ಪೂರ್ತಿ ಹಾಡನ್ನು ಬೇರೆಯಾಗಿಯೇ ಕೇಳಬೇಕು. ನಾನು ಎರಡನೆಯ ಸಾಲನ್ನು ಬಿಟ್ಟು ಮೂರನೆಯದನ್ನು ತಿರುಗಿಸಿದೆ. ಅಳತೆ ಅದೇ.

ಸೀಟಿಯನ್ನು ಪೂರ್ತಿ ತೆಗೆದುಬಿಡಲೇ ಎಂದು ಕೇಳಿದೆ. "ಬೇಡ ಆಂಟಿ, ಒಂದು ಸಲ ಇರಲಿ. ಆ ಹೊತ್ತಿಗೆ ನಮ್ಮನೆಯಲ್ಲಿ ಯಾವಾಗಲೂ ಬೇಳೆ ಇಡುತ್ತಿದ್ದರು" ಎಂದಳು. ಹಾಗಾಗಿ ಸೀಟಿ ಉಳಿಯಿತು, ಒಂದು ಸಲ.

ಈಗ ಉಳಿದ ಎರಡು ಸೆಕೆಂಡು. ತಾಳದೊಳಗಿನ ಭಾಗವನ್ನು ಎರಡು ಸೆಕೆಂಡಿಗಾಗಿ ಮುಟ್ಟಲೇಬಾರದು. ಆದರೆ ಪ್ರತಿ ಹಾಡಿನಲ್ಲೂ ತಾಳವಿಲ್ಲದ ಜಾಗಗಳು ಇರುತ್ತವೆ: ಶುರುವಿನ ಶ್ರುತಿ, ಆಲಾಪನೆ, ಕೊನೆಯ ಗುಂಗು. ಅವು ರಬ್ಬರಿನಂತೆ, ಸ್ವಲ್ಪ ಹಿಗ್ಗುತ್ತವೆ, ಸ್ವಲ್ಪ ಕುಗ್ಗುತ್ತವೆ. ಶುರುವಿನ 10 ಸೆಕೆಂಡಿನಲ್ಲಿ ಬರೀ ಶ್ರುತಿ ಇದ್ದ ಎರಡು ಸೆಕೆಂಡು ತೆಗೆದು, ಮೆಲ್ಲಗೆ ಏರುವಂತೆ ಮಾಡಿದೆ. 220 ಸೆಕೆಂಡು ಸರಿಯಾಗಿ ಬಂತು. ಅಕ್ಕನ ಕೊನೆಯ ಮೀಟು ಕೊನೆಯ ಫೋಟೊದ ಮೇಲೆ ಕರಗಿತು. ಕೊನೆಯನ್ನು ಮಾತ್ರ ನಾನು ಎಂದೂ ಕತ್ತರಿಸುವುದಿಲ್ಲ. ನಡುವೆ ಏನು ಮಾಡಿದರೂ, ನುಡಿಸಿದವರು ಮುಗಿಸಿದ ರೀತಿಯಲ್ಲೇ ಮುಗಿದರೆ ಕೇಳುವವರಿಗೆ ಹಾಡು ಪೂರ್ತಿಯಾದ ಸಮಾಧಾನ ಸಿಗುತ್ತದೆ.

ಹಾಡನ್ನು ಕುಗ್ಗಿಸುವುದೂ ಇದೇ ಲೆಕ್ಕ, ತಿರುಗಿಸಿ ಹಾಕುವುದು. ವಾರ್ಷಿಕೋತ್ಸವಕ್ಕೆ ಅದೇ ವೀಣೆಯನ್ನು 1 ನಿಮಿಷ 30 ಸೆಕೆಂಡಿಗೆ ಇಳಿಸಿ ಎಂದರು. ಮೊದಲ ಪಲ್ಲವಿಯಿಂದ ಕೊನೆಯ ಪಲ್ಲವಿಗೆ ನೇರ ಹಾರಿದರೆ ಕಾಲ 6.6ರಿಂದ 6.1ಕ್ಕೆ ಜಿಗಿಯುತ್ತದೆ. ಈ ಸಲ ಬ್ರೇಕ್ ಅಲ್ಲ, ಹಿಂದಿನಿಂದ ತಳ್ಳಿದಂತೆ. ಅದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹೋದೆ. ಶುರುವಿನ ಶ್ರುತಿ 6 ಸೆಕೆಂಡು. ಪಲ್ಲವಿಯ ಮೊದಲ ಸಾಲು ಎರಡು ಸಲ, 26 ಸೆಕೆಂಡಿಗೆ ಸ್ವಲ್ಪ ಮೇಲೆ. ಸಂಗತಿಗಳನ್ನು ಬಿಟ್ಟು ಅನುಪಲ್ಲವಿಯ ಮೊದಲ ಎರಡು ಸಾಲು, 26ಕ್ಕೆ ಸ್ವಲ್ಪ ಕಡಿಮೆ. ಮೂರನೆಯ ಸಾಲು ಬಿಟ್ಟು ಮರಳುವ ಪಲ್ಲವಿ, ಚರಣ ಬಿಟ್ಟು ಕೊನೆಯ ಪಲ್ಲವಿ, ಎರಡೂ ಸೇರಿ 25ರ ಹತ್ತಿರ. ಕೊನೆಯ ಗುಂಗು 7. ಕೂಡಿದರೆ 90ಕ್ಕೆ ಒಂದಿಷ್ಟು ಕಡಿಮೆ. ಮೂರೇ ಬೆಸುಗೆ, ಎಲ್ಲೂ ಕಾಲ ದೊಡ್ಡದಾಗಿ ಜಿಗಿಯಲಿಲ್ಲ. ಕುಕ್ಕರ್ ಸೀಟಿ ಎರಡನೆಯ ಸಾಲಿನಲ್ಲಿದೆಯಲ್ಲ, ಅದೂ ಉಳಿಯಿತು.

ಮಾತಿರುವ ಹಾಡಾದರೆ ಇನ್ನೊಂದು ಎಚ್ಚರ ಬೇಕು. ಸಾಲು ಬಿಟ್ಟಾಗ ಅರ್ಥ ಮುರಿಯಬಾರದು. ಚರಣ ಬಿಡುವುದಿದ್ದರೆ ಪೂರ್ತಿ ಚರಣವನ್ನೇ ಬಿಡಿ. ಅಂಕಿತ ಬರುವ ಕೊನೆಯ ಚರಣವನ್ನು ಇಟ್ಟುಕೊಂಡು ನಡುವಿನದನ್ನು ಬಿಡಿ. ಹಾಡುವವರು ಉಸಿರೆಳೆಯುವ ಶಬ್ದ ಮುಂದಿನ ಸಾಲಿಗೆ ಸೇರಿದ್ದು, ಕತ್ತರಿ ಅದಕ್ಕೂ ಮುಂಚೆ ಬೀಳಬೇಕು.

ಬೆಸುಗೆ ಸರಿಯಾಗಿದೆಯೇ ಎಂದು ನೋಡುವುದು ಹೇಗೆ? ಪರದೆ ನೋಡುತ್ತಾ ಕೇಳಬೇಡಿ, ಕಣ್ಣಿಗೆ ಗೊತ್ತಿದ್ದರೆ ಕಿವಿ ಸುಳ್ಳು ಹೇಳುತ್ತದೆ. ಬೆಸುಗೆಗೆ ಎರಡು ಆವರ್ತ ಹಿಂದಿನಿಂದ ಬಿಟ್ಟು, ಕಣ್ಣು ಮುಚ್ಚಿ ತಾಳ ಹಾಕಿ. ಕೈ ತಡವರಿಸಿದರೆ ಅಳತೆ ತಪ್ಪಿದೆ. ಆಮೇಲೆ ಇಯರ್‌ಫೋನ್ ಹಾಕಿ ಕೇಳಿ, ಟಕ್ ಮತ್ತು ನಾದ ಮುಚ್ಚಿದ್ದು ಅದರಲ್ಲಿ ಸಿಗುತ್ತದೆ. ಕೊನೆಗೆ ಎಲ್ಲಿ ಜೋಡಿಸಿದ್ದೀರಿ ಎಂದು ಹೇಳದೆ ಬೇರೆ ಯಾರಿಗಾದರೂ ಕೇಳಿಸಿ. ನಮ್ಮ ಮನೆಯಲ್ಲಿ ಆ ಕೆಲಸ ನಮ್ಮ ಅತ್ತೆಯವರದು. 84 ವರ್ಷ, ಕಿವಿ ಸ್ವಲ್ಪ ಮಂದ, ತಾಳ ಮಾತ್ರ ಚೂಪು. ಅನುಪಲ್ಲವಿಯ ನುಂಗಿದ ಸ್ವರವನ್ನು ಮೊದಲು ಹಿಡಿದವರು ಅವರೇ.

ಒಂದು ಸಣ್ಣ ವಿಷಯ. ವಾಟ್ಸ್‌ಆ್ಯಪಿನಲ್ಲಿ ಸುತ್ತಿ ಸುತ್ತಿ ಬಂದ ಧ್ವನಿಯಲ್ಲಿ ಈ ಕೆಲಸ ಮಾಡಬೇಡಿ. ಸಿಗುವ ಅತ್ಯಂತ ಮೊದಲ ಪ್ರತಿಯನ್ನು ಕೇಳಿ ತರಿಸಿಕೊಳ್ಳಿ. ಕೆಲಸ ಮುಗಿಯುವವರೆಗೆ ವೇವ್ ರೂಪದಲ್ಲೇ ಉಳಿಸಿ. ಎಂಪಿ3 ಮಾಡಿದಾಗ ಶುರುವಿನಲ್ಲಿ ಒಂದು ಚೂರು ಮೌನ ಸೇರಿಕೊಳ್ಳುತ್ತದೆ, ಬೆಸುಗೆಯಲ್ಲಿ ಅದೇ ಎಡವಟ್ಟಾಗುತ್ತದೆ.

ಕಾರ್ಯಕ್ರಮದ ದಿನ ವಿಡಿಯೊ ಓಡುವಾಗ ನಾನು ಸಭೆಯ ಹಿಂದೆ ನಿಂತು ಐದು ಬೆಸುಗೆಗಳಿಗಾಗಿ ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಅಕ್ಕನ ಹಳೆಯ ಶಿಷ್ಯೆಯರು ಮೂರನೆಯ ಸಾಲಿನಲ್ಲಿ ಕೂತಿದ್ದರು. ಅವರ ಕೈಗಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು. 32 ಆವರ್ತದಲ್ಲೂ ಯಾರ ಕೈಯೂ ತಪ್ಪಲಿಲ್ಲ. ಕುಕ್ಕರ್ ಕೂಗಿದಾಗ ಮಾತ್ರ ಆ ಸಾಲಿನಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ನೋಡಿ ನಕ್ಕರು.

ಇಲ್ಲಿ ಯಾರ ಮನೆಯಲ್ಲಾದರೂ ಅಂಥ ಕ್ಯಾಸೆಟ್ ಇದ್ದರೆ ತನ್ನಿ. ಲ್ಯಾಪ್‌ಟಾಪ್ ತಂದಿದ್ದೇನೆ, ಚಹಾ ಆದ ಮೇಲೆ ಒಟ್ಟಿಗೆ ಕೂತು ಸಮ ಗುರುತಿಸೋಣ.